ಲೆಕ್ಕ ಬರೆಯೋರು ಚರ್ಮ ಬಿಟ್ಟು ಕಾಗದ ಹಿಡಿದಿದ್ದು ಯಾಕೆ? ಸಮರ್ಕಂದ್, ಬಾಗ್ದಾದ್, ಮಂಗಳೂರು

ಪುಸ್ತಕದಹುಳು:
ಎಲ್ರಿಗೂ ನಮಸ್ಕಾರ. ಒಂದು ಡೌಟ್ ಇದೆ, ಗೊತ್ತಿರೋರು ಹೇಳಿ. ಕಾಗದದ ಕಥೆ ಎಲ್ಲಾ ಕಡೆ ಒಂದೇ ಥರ ಇರುತ್ತೆ. 105ರಲ್ಲಿ ಚೀನಾದ ಅರಮನೆ ಅಧಿಕಾರಿ ತ್ಸಾಯ್ ಲುನ್ ಕಂಡುಹಿಡಿದ, ಆಮೇಲೆ 751ರಲ್ಲಿ ತಲಾಸ್ ಯುದ್ಧದಲ್ಲಿ ಅರಬರಿಗೆ ಸಿಕ್ಕ ಚೀನೀ ಕೈದಿಗಳು ಮಧ್ಯ ಏಷ್ಯಾದ ಸಮರ್ಕಂದಲ್ಲಿ ಅದನ್ನ ಕಲಿಸಿದ್ರು, ಅಲ್ಲಿಂದ ನಲವತ್ತು ಚಿಲ್ಲರೆ ವರ್ಷಕ್ಕೆ ಬಾಗ್ದಾದಲ್ಲಿ ಕಾಗದದ ಕಾರ್ಖಾನೆ. ಸರಿ. ಆದ್ರೆ ನಂಗೆ ಅರ್ಥ ಆಗದೇ ಇರೋದು ಏನಂದ್ರೆ ಬಾಗ್ದಾದಿನ ಸರ್ಕಾರಕ್ಕೆ ಬರೆಯೋಕೆ ಏನೂ ಕಮ್ಮಿ ಇರ್ಲಿಲ್ಲ, ಈಜಿಪ್ಟಿಂದ ಪಪೈರಸ್ ಬರ್ತಿತ್ತು, ಕುರಿ ಮೇಕೆ ಚರ್ಮದ ಹಾಳೆ ಇತ್ತು, ಆ ಸೀಮೇಲಿ ನೂರಾರು ವರ್ಷದಿಂದ ಕಂದಾಯದ ಲೆಕ್ಕ ಎಲ್ಲಾ ಅದರಲ್ಲೇ ನಡೀತಿತ್ತು. ಹಂಗಿದ್ದಾಗ ಒಬ್ಬ ಸರ್ಕಾರಿ ಗುಮಾಸ್ತ ಹೊಸ ಸಾಮಾನು ಯಾಕೆ ಹಿಡೀತಾನೆ? ಬರೀ ಅಗ್ಗ ಅಂತಾನಾ?

ಬಸವನಗುಡಿ_ಬಾಯ್:
ಅಗ್ಗ ಅಷ್ಟೇ ಬಾಸ್, ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ. ಒಂದು ದಪ್ಪ ಪುಸ್ತಕಕ್ಕೆ ಒಂದು ಮಂದೆ ಕುರಿ ಕಡೀಬೇಕು, ಕಾಗದಕ್ಕೆ ಹರಿದ ಬಟ್ಟೆ ಸಾಕು. ಮತ್ತೆ ತ್ಸಾಯ್ ಲುನ್ನೇ ಕಂಡುಹಿಡಿದಿದ್ದು, ಅದಂತೂ ಪ್ರೂವ್ ಆಗಿದೆ, ಅವರ ಇತಿಹಾಸ ಗ್ರಂಥದಲ್ಲೇ ಬರ್ದಿದೆ.

ದಫ್ತರದವರು:
ಬರ್ದಿದೆ ನಿಜ. 105ರಲ್ಲಿ ಅವನು ಮರದ ತೊಗಟೆ, ಸೆಣಬು, ಹಳೇ ಬಟ್ಟೆ, ಮೀನಿನ ಬಲೆ ಎಲ್ಲಾ ಕುಟ್ಟಿ ಮಾಡಿದ ಹಾಳೇನ ಚಕ್ರವರ್ತಿಗೆ ಒಪ್ಪಿಸ್ದ ಅಂತ. ಆದ್ರೆ ಗನ್ಸು ಪ್ರಾಂತ್ಯದ ಫಾಂಗ್‌ಮಾತಾನ್ ಅನ್ನೋ ಜಾಗದ ಗೋರಿಯೊಂದರಲ್ಲಿ ನಕ್ಷೆಯ ಗೆರೆ ಇರೋ ಕಾಗದದ ಚೂರು ಸಿಕ್ಕಿದೆ, ಅದು ಕ್ರಿಸ್ತಪೂರ್ವ 2ನೇ ಶತಮಾನದ್ದು. ಅಂದ್ರೆ ತ್ಸಾಯ್ ಲುನ್‌ಗಿಂತ ಇನ್ನೂರು ವರ್ಷಕ್ಕೂ ಮೇಲೆ ಹಳೇದು. ಹಂಗಾಗಿ ಅವನು ಮಾಡಿದ್ದು ಇದ್ದ ಕೆಲಸಾನ ಚೆನ್ನಾಗಿ ಮಾಡೋ ದಾರಿ ಹುಡುಕಿ ಅರಮನೆಗೆ ಒಪ್ಪಿಸಿದ್ದು ಅಂತ ಇಟ್ಕೊಳ್ಳಿ.

ಅಗ್ಗದ ವಿಚಾರ. ಅಗ್ಗ ಆಗಿದ್ದು ನಿಜಾನೇ. ಆದ್ರೆ ಅದೊಂದೇ ಆಗಿದ್ರೆ ಚೀನಾದ ಕಚೇರಿಗಳೇ ಒಂದು ತಲೆಮಾರಲ್ಲಿ ಬಿದಿರು ಬಿಟ್ಟು ಕಾಗದಕ್ಕೆ ಬರಬೇಕಿತ್ತಲ್ಲ? ಬರ್ಲಿಲ್ಲ. ಅಲ್ಲಿ ಗುಮಾಸ್ತರು ಬಿದಿರಿನ ಸಣ್ಣ ಪಟ್ಟಿಗಳ ಮೇಲೆ ಕುಂಚದಲ್ಲಿ ಬರೆದು ದಾರದಲ್ಲಿ ಕಟ್ಟಿ ಚಾಪೆ ಥರ ಸುತ್ತಿ ಇಡ್ತಿದ್ರು. ಛಿನ್ ಚಕ್ರವರ್ತಿ ದಿನಕ್ಕೆ ಇಷ್ಟು ತೂಕದ ಕಡತ ನೋಡ್ದೇ ಮಲಗ್ತಿರ್ಲಿಲ್ಲ ಅಂತ ಕಥೆ ಇದೆ, ಈಗಿನ ಲೆಕ್ಕದಲ್ಲಿ ಸುಮಾರು 30 ಕಿಲೋ ಆಗುತ್ತೆ. ಅಷ್ಟು ಕಷ್ಟ ಇದ್ರೂ ಸರ್ಕಾರಿ ಬರವಣಿಗೆಗೆ ಬಿದಿರು ಬೇಡ, ಇನ್ಮೇಲೆ ಕಾಗದ ಅಂತ ಆಗ ಸಿಂಹಾಸನ ಕಿತ್ಕೊಂಡಿದ್ದ ಹುವಾನ್ ಶ್ವಾನ್ ಅನ್ನೋನು ಆಜ್ಞೆ ಹೊರಡಿಸಿದ್ದು 404ರ ಹೊತ್ತಿಗೆ. ತ್ಸಾಯ್ ಲುನ್ ಆಗಿ ಮುನ್ನೂರು ವರ್ಷ ಆದ್ಮೇಲೆ! ಕಚೇರಿ ಅಂದ್ರೆ ಎಲ್ಲಾ ಕಾಲದಲ್ಲೂ ಕಚೇರೀನೇ.

ಪುಸ್ತಕದಹುಳು:
ಹಾಹಾ. ಸರಿ ಸಾರ್, ಹಂಗಾದ್ರೆ ತಲಾಸ್ ಕಥೆ?

ದಫ್ತರದವರು:
ಅದು ಸ್ವಲ್ಪ ಅನುಮಾನದ್ದು. ಯುದ್ಧ ಆಗಿದ್ದು ಹೌದು, 751ರಲ್ಲಿ, ಚೀನಾದ ಟ್ಯಾಂಗ್ ಸೈನ್ಯ ಸೋತಿದ್ದೂ ಹೌದು. ಆದ್ರೆ ಕೈದಿಗಳು ಕಾಗದ ಕಲಿಸಿದ್ರು ಅನ್ನೋ ಮಾತು ನಮಗೆ ಸಿಗೋದು ಸಾಆಲಿಬಿ ಅನ್ನೋ ಅರಬಿ ಲೇಖಕ ಬರೆದದ್ದರಲ್ಲಿ, ಅವನು 1038ರಲ್ಲಿ ತೀರಿಕೊಂಡೋನು, ಅಂದ್ರೆ ಯುದ್ಧ ಆಗಿ ಎರಡೂವರೆ ಶತಮಾನಕ್ಕೂ ಮೇಲೆ. ಇನ್ನೊಂದು ಕಡೆ ಆ ಯುದ್ಧದಲ್ಲಿ ನಿಜವಾಗ್ಲೂ ಸೆರೆ ಸಿಕ್ಕಿ, ವರ್ಷಗಟ್ಟಲೆ ಅರಬರ ನಾಡಲ್ಲಿದ್ದು, ವಾಪಸ್ ಚೀನಾಕ್ಕೆ ಹೋದ ದು ಹುವಾನ್ ಅನ್ನೋನು ಅಲ್ಲಿದ್ದ ತನ್ನ ದೇಶದ ಕಸುಬುದಾರರ ಬಗ್ಗೆ ಬರೆದಿದ್ದಾನೆ. ನೇಕಾರರು ಇದ್ದಾರೆ, ಚಿತ್ರ ಬರೆಯೋರು ಇದ್ದಾರೆ, ಚಿನ್ನ ಬೆಳ್ಳಿ ಕೆಲಸದೋರು ಇದ್ದಾರೆ, ಕಾಗದ ಮಾಡೋರ ಹೆಸರೇ ಇಲ್ಲ.

ಅದಕ್ಕಿಂತ ದೊಡ್ಡ ಸಾಕ್ಷಿ ಏನಂದ್ರೆ ಸಮರ್ಕಂದ್ ಕಡೆಯ ಸೊಗ್ದಿಯನ್ ವ್ಯಾಪಾರಿಗಳಿಗೆ ಕಾಗದ ಅದಕ್ಕೆ ನಾಲ್ಕು ಶತಮಾನ ಮುಂಚೇನೇ ಗೊತ್ತಿತ್ತು. 1907ರಲ್ಲಿ ಪುರಾತತ್ವ ಶೋಧಕ ಸ್ಟೈನ್‌ಗೆ ಚೀನಾ ಗಡಿಯ ದುನ್‌ಹುವಾಂಗ್ ಹತ್ರ ಒಂದು ಹಾಳು ಕಾವಲು ಗೋಪುರದಲ್ಲಿ ಅವರ ಕಾಗದದ ಪತ್ರಗಳ ಕಟ್ಟೇ ಸಿಕ್ತು, ತಲುಪದೇ ಉಳಿದ ಟಪಾಲು, 313ರ ಆಸುಪಾಸಿನದ್ದು. ಅದರಲ್ಲಿ ಗಂಡ ದುನ್‌ಹುವಾಂಗಲ್ಲಿ ಬಿಟ್ಟು ಹೋದ ಹೆಂಗಸೊಬ್ಬಳು, ನಿನ್ನ ಹೆಂಡತಿ ಆಗೋದಕ್ಕಿಂತ ನಾಯಿಗೋ ಹಂದಿಗೋ ಹೆಂಡತಿ ಆಗಿದ್ರೆ ವಾಸಿ ಇತ್ತು ಅಂತ ಬರೆಸಿದ್ದಾಳೆ. ಸರಕಿನ ದಾರೀಲಿ ಬರೀ ರೇಷ್ಮೆ ಲೆಕ್ಕ ಹೋಗ್ತಿತ್ತು ಅಂದ್ಕೋಬೇಡಿ.

ಇತಿಹಾಸ_ಮೇಷ್ಟ್ರು:
ಒಪ್ಪಿದೆ. ಕಾಗದ ಒಂದೇ ದಿನ ಯುದ್ಧದಲ್ಲಿ ಗೆದ್ದ ಮಾಲಲ್ಲ, ಒಂಟೆ ಮೇಲೆ ಊರಿಂದ ಊರಿಗೆ ಬಂದಿದ್ದು.

ಆದ್ರೆ ಪುಸ್ತಕದಹುಳು ಅವರು ಕೇಳಿದ ಮುಖ್ಯ ಪ್ರಶ್ನೆ ಗುಮಾಸ್ತರದ್ದು, ಅದಕ್ಕೆ ಬರ್ತೀನಿ. ಬಾಗ್ದಾದಲ್ಲಿ ಖಲೀಫ ಹಾರೂನ್ ಅಲ್ ರಶೀದ್ ಕಾಲ, ಕಾಗದದ ಕಾರ್ಖಾನೆ 794ರ ಹೊತ್ತಿಗೆ ಅಂತ ಹೇಳ್ತಾರೆ, ಮಂತ್ರಿಗಳು ಬರ್ಮಕಿ ಮನೆತನದವರು, ಮಧ್ಯ ಏಷ್ಯಾ ಕಡೆಯ ಬಲ್ಖ್ ಮೂಲ, ಅಂದ್ರೆ ಕಾಗದ ನೋಡಿ ಬೆಳೆದ ಸೀಮೆ. ಯಾಕೆ ಬದಲಾಯಿಸಿದ್ರು ಅನ್ನೋದಕ್ಕೆ ಹಳಬರೇ ಎರಡು ಉತ್ತರ ಕೊಟ್ಟಿದ್ದಾರೆ. ಇತಿಹಾಸಕಾರ ಇಬ್ನ್ ಖಲ್ದೂನ್ ಹೇಳೋದು, ಸರ್ಕಾರದ ಬರವಣಿಗೆ ಎಷ್ಟು ಬೆಳೀತು ಅಂದ್ರೆ ಚರ್ಮ ಸಾಲದೇ ಹೋಯ್ತು, ಅದಕ್ಕೆ ಫಜ್ಲ್ ಬರ್ಮಕಿ ಕಾಗದ ಮಾಡಿಸಿದ ಅಂತ. ಈಜಿಪ್ಟಿನ ಕಲ್ಕಶಂದಿ, ಅವನು ಸ್ವತಃ ಸರ್ಕಾರಿ ಪತ್ರ ಬರೆಯೋ ಕಚೇರಿಯೋನು, ಅವನು ಹೇಳೋದೇ ಬೇರೆ. ಚರ್ಮದ ಮೇಲೆ ಬರೆದಿದ್ದನ್ನ ಅಳಿಸಿ ತಿದ್ದಬಹುದು, ಕಾಗದದ ಮೇಲೆ ಅಳಿಸಿದ್ರೆ ಹಾಳೆ ಕೆಡುತ್ತೆ, ಕೆರೆದ್ರೆ ಗುರುತು ಕಾಣುತ್ತೆ, ಅದಕ್ಕೇ ಹಾರೂನ್ ಇನ್ಮೇಲೆ ಕಾಗದದಲ್ಲೇ ಬರೀರಿ ಅಂತ ಅಪ್ಪಣೆ ಮಾಡ್ದ.

ನನಗೆ ಎರಡನೇದೇ ಹೆಚ್ಚು ನಂಬಿಕೆ. ಲೆಕ್ಕ ಇಡೋನಿಗೆ ಹಾಳೆಯ ಬೆಲೆಗಿಂತ ಹಾಳೆ ಸುಳ್ಳು ಹೇಳದಿರೋದು ಮುಖ್ಯ.

ಬಸವನಗುಡಿ_ಬಾಯ್:
ಇಂಕ್ ಇಂಕೇ ಅಲ್ವಾ, ಚರ್ಮದ ಮೇಲೆ ಅಳಿಯೋದು ಕಾಗದದ ಮೇಲೆ ಯಾಕೆ ಅಳಿಯಲ್ಲ?

ಇತಿಹಾಸ_ಮೇಷ್ಟ್ರು:
ದೀಪದ ಮಸಿಗೆ ಅಂಟು ಸೇರಿಸಿ ಮಾಡಿದ ಶಾಯಿ ಅಂತ ಇಟ್ಕೊಳಪ್ಪ. ಚರ್ಮದ ಹಾಳೆ ಬಿಗಿ, ಮೇಲ್ಮೈ ಮುಚ್ಚಿಕೊಂಡಿರುತ್ತೆ, ಮಸಿ ಮೇಲೇ ಕೂತಿರುತ್ತೆ. ಒದ್ದೆ ಬಟ್ಟೇಲಿ ಒರೆಸಿದ್ರೆ ಎಷ್ಟೋ ಹೋಗುತ್ತೆ, ಉಳಿದಿದ್ದನ್ನ ಚಾಕುವಲ್ಲಿ ತೆಳ್ಳಗೆ ಹೆರೆದ್ರೆ ಆಯ್ತು, ಚರ್ಮ ಗಟ್ಟಿ, ತಡ್ಕೊಳ್ಳುತ್ತೆ. ಪಪೈರಸ್ಸೂ ತೊಳೆದ್ರೆ ಮಸಿ ಬಿಡುತ್ತೆ. ಕಾಗದ ಅಂದ್ರೆ ನಾರಿನ ರಾಶಿ, ಮಸಿ ನಾರಿನ ಸಂದೀಲಿ ಇಳಿದು ಕೂರುತ್ತೆ, ಅದನ್ನ ತೆಗೀಬೇಕಂದ್ರೆ ನಾರನ್ನೇ ಕಿತ್ತು ತೆಗೀಬೇಕು.

ಚರ್ಮದ ಲೆಕ್ಕ ಎಷ್ಟು ಸಲೀಸಾಗಿ ತೊಳೆದು ಹೋಗುತ್ತೆ ಅನ್ನೋದಕ್ಕೆ ಬಾಗ್ದಾದಿನದೇ ಸಾಕ್ಷಿ ಇದೆ. ಹಾರೂನ್ ಸತ್ತ ಮೇಲೆ ಮಕ್ಕಳಿಬ್ಬರ ಜಗಳದಲ್ಲಿ, ಅಮೀನನ ಕಾಲದಲ್ಲಿ, ಸರ್ಕಾರಿ ದಫ್ತರಗಳು ಲೂಟಿ ಆದವು. ಅಲ್ಲಿದ್ದ ಚರ್ಮದ ಕಡತಗಳನ್ನ ಜನ ತೊಳೆದು, ವರ್ಷಗಟ್ಟಲೆ ಅದರ ಮೇಲೇ ಬೇರೆ ಬರೀತಿದ್ರು ಅಂತ ಬಾಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ಅಲ್ ನದೀಮ್ 10ನೇ ಶತಮಾನದಲ್ಲಿ ಬರೆದಿದ್ದಾನೆ. ಯಾವ ಹಳ್ಳಿ ಎಷ್ಟು ಕಂದಾಯ ಕಟ್ತು ಅನ್ನೋ ಲೆಕ್ಕ ಹೋಯ್ತು, ಅದೇ ಚರ್ಮದ ಮೇಲೆ ಯಾವನೋ ಪದ್ಯ ಬರ್ಕೊಂಡ.

ದಫ್ತರದವರು:
ಮೇಷ್ಟ್ರೇ, ಆ ಸಾಕ್ಷಿ ನಿಮ್ಮ ವಾದಕ್ಕೇ ಸ್ವಲ್ಪ ಅಡ್ಡ ಬರುತ್ತೆ ನೋಡಿ. ಅಮೀನ್ ಇದ್ದಿದ್ದು 809ರಿಂದ 813. ಹಾರೂನ್ 794ರ ಹೊತ್ತಿಗೇ ಕಾಗದ ಕಡ್ಡಾಯ ಮಾಡಿದ್ರೆ, ಲೂಟಿ ಆದಾಗ ದಫ್ತರದಲ್ಲಿ ಇನ್ನೂ ಅಷ್ಟು ಚರ್ಮ ಹೆಂಗೆ? ಹಳೇ ಕಡತ ಅಂತ ಹೇಳಬಹುದು, ಒಪ್ತೀನಿ. ಆದ್ರೆ ಕಲ್ಕಶಂದಿ ಸತ್ತಿದ್ದು 1418ರಲ್ಲಿ, ಹಾರೂನ್‌ಗೂ ಅವನಿಗೂ ಆರುನೂರು ವರ್ಷದ ಅಂತರ. ಕಾಗದದ ಗುಣ ತನ್ನ ಕಚೇರೀಲಿ ದಿನಾ ನೋಡಿದೋನು ಹಳೇ ಕಾಲದ ಆಜ್ಞೆಗೆ ಅದನ್ನೇ ಕಾರಣ ಅಂತ ಹೊಂದಿಸಿರಬಹುದು.

ಇನ್ನೊಂದು ವಿಷ್ಯ. ಅರಬರು ಕಾಗದಾನ ಹಂಗೇ ಬಿಡ್ತಿರ್ಲಿಲ್ಲ. ಹಳೇ ನಾರುಬಟ್ಟೆ, ಹಗ್ಗ ಎಲ್ಲಾ ಬಿಡಿಸಿ, ಸುಣ್ಣದ ನೀರಲ್ಲಿ ಮತ್ತೆ ಮತ್ತೆ ನೆನೆಸಿ, ತೊಳೆದು, ಕುಟ್ಟಿ, ಜಾಲರಿ ಮೇಲೆ ಹಾಳೆ ಎತ್ತಿ, ಒಣಗಿದ ಮೇಲೆ ಗಂಜಿ ಬಳಿದು ಕಲ್ಲಲ್ಲಿ ಉಜ್ಜಿ ಉಜ್ಜಿ ಹೊಳೆಯೋ ಹಂಗೆ ಮಾಡ್ತಿದ್ರು. ಚೀನೀ ಕುಂಚಕ್ಕೆ ಹೀರೋ ಹಾಳೆ ನಡೆಯುತ್ತೆ, ಇವರದ್ದು ಜೊಂಡಿನ ಲೇಖನಿ, ಗಂಜಿ ಇಲ್ಲದ ಹಾಳೇಲಿ ತುದಿ ಸಿಕ್ಕಾಕೊಂಡು ಮಸಿ ಹರಡುತ್ತೆ. ಆದ್ರೆ ಗಂಜಿ ಜಾಸ್ತಿ ಆದಷ್ಟೂ ಮಸಿ ಮೇಲ್ಗಡೆ ನಿಲ್ಲುತ್ತೆ, ಅಳಿಸೋದು ಅಷ್ಟೇ ಸುಲಭ ಆಗುತ್ತೆ. ಜೊತೆಗೆ ಕಬ್ಬಿಣದ ಉಪ್ಪು ಸೇರಿಸಿದ ಶಾಯಿ ಆದ್ರೆ ಅದು ಚರ್ಮಾನೂ ಕಚ್ಚಿ ಹಿಡಿಯುತ್ತೆ. ಕಾಗದ ಅಂದ್ರೆ ಮೋಸ ನಡೆಯೋದೇ ಇಲ್ಲ ಅನ್ನೋ ಲೆವೆಲ್ಲಿಗೆ ಹೋಗಬೇಡಿ.

ಇತಿಹಾಸ_ಮೇಷ್ಟ್ರು:
ಮೋಸ ನಡೆಯಲ್ಲ ಅಂತ ನಾನೆಲ್ಲಿ ಹೇಳ್ದೆ, ಮಾಡಿದ್ರೆ ಗೊತ್ತಾಗುತ್ತೆ ಅಂದೆ. ಗಂಜಿ ಹಾಕಿದ ಹಾಳೇನ ಕೆರೆದು ನೋಡಿ, ಆ ಜಾಗದಲ್ಲಿ ಗಂಜಿ ಹೋಗಿರುತ್ತೆ, ಮತ್ತೆ ಅಲ್ಲಿ ಬರೆದ್ರೆ ಮಸಿ ಹರಡುತ್ತೆ. ಚೀನಾದ ಗುಮಾಸ್ತರ ಸೊಂಟದಲ್ಲಿ ಕುಂಚದ ಜೊತೆ ಚಾಕುವೂ ಇರ್ತಿತ್ತು, ಬಿದಿರಿನ ಮೇಲೆ ತಪ್ಪಾದ್ರೆ ಹೆರೆದು ಮತ್ತೆ ಬರೆಯೋಕೆ. ಕಾಗದ ಬಂದ ಮೇಲೆ ಆ ಚಾಕು ಹೋಯ್ತು.

ಗುಂಟೆಗೌಡ:
ಎಲ್ರಿಗೂ ನಮಸ್ಕಾರ, ಈಗ ತಾನೆ ಓದ್ದೆ. ಪೇಪರಲ್ಲಿ ಅಳಿಸಿದ್ದು ಗೊತ್ತಾಗುತ್ತೆ ಅಂತ ಮೇಷ್ಟ್ರು ಹೇಳಿದ್ರಲ್ಲ, ನಮ್ಮ ತಾತನ ಜಮೀನಿನ ಕೈಬರಹದ ಹಳೇ ಪಹಣೀಲಿ 3 ಇದ್ದ ಗುಂಟೆ 8 ಆಗಿದೆ ಅಂತ ನಮಗೆ ಡೌಟು, ಪಕ್ಕದ ಜಮೀನಿನೋರದ್ದು ನಮ್ಮದು ಎರಡೂ ಒಂದೇ ಪುಸ್ತಕದಲ್ಲಿದೆ, ಐದು ಗುಂಟೆ ಅಂದ್ರೆ ಸುಮ್ನೇನಾ, ಇದನ್ನ ಯಾರಿಗೆ ತೋರಿಸ್ಬೇಕು, ಚಾರ್ಜ್ ಎಷ್ಟಾಗುತ್ತೆ?

ಪುಸ್ತಕದಹುಳು:
ಗೌಡ್ರೇ ಇದು 8ನೇ ಶತಮಾನದ ಬಾಗ್ದಾದ್ ಬಗ್ಗೆ 😄

ಗುಂಟೆಗೌಡ:
ಗುಮಾಸ್ತರು ಎಲ್ಲಾ ಕಡೆ ಒಂದೇ ಅಲ್ವಾ ಸಾರ್

ಕಡಲತಡಿ:
ಹ್ಹೆಹ್ಹೆ. ಗೌಡ್ರಿಗೆ ಆಮೇಲೆ ಯಾರಾದ್ರೂ ಹೇಳ್ಲಿ, ನಾನು ಸ್ವಲ್ಪ ನಮ್ಮೂರಿನ ಸಂಗತಿ ಹೇಳ್ತೇನೆ. ಈ ಕಾಗದದ ದಾರಿ ಮಂಗಳೂರಿಗೂ ಬಂದದ್ದುಂಟು ಮಾರಾಯ್ರೆ, ಒಂಟೆ ಮೇಲೆ ಅಲ್ಲ, ಹಡಗಿನಲ್ಲಿ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಇದ್ದ, ಟ್ಯುನೀಷಿಯಾದ ಮಹದಿಯಾ ಊರಿನವ, 1132ರಲ್ಲಿ ಮಂಗಳೂರಲ್ಲಿದ್ದ ಅನ್ನುವುದಕ್ಕೆ ದಾಖಲೆ ಉಂಟು. ಅಶು ಅಂತ ಇಲ್ಲಿನ ಒಬ್ಬಳು ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರ, ಆ ವರ್ಷದ ಅಕ್ಟೋಬರ್ ತಿಂಗಳದ್ದು, ಮಂಗಳೂರಿನ ಹೆಸರು ಹಾಕಿಯೇ ಬರೆದದ್ದು. ಅವನಿಗೆ ಇಲ್ಲಿ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇತ್ತು, ಕಾಳುಮೆಣಸು, ಕಬ್ಬಿಣ, ಅಡಿಕೆ ಯೆಮೆನ್ನಿನ ಬಂದರು ಏಡನ್‌ಗೆ ಕಳಿಸುತ್ತಿದ್ದ. ಅವನ ಕಡೆಯಿಂದ ಏಡನ್‌ಗೆ ಹೋಗಿ ಬರುತ್ತಿದ್ದವನ ಹೆಸರು ಬೊಮ್ಮ, ಹೆಸರು ಕೇಳಿದ್ರೇ ಗೊತ್ತಾಗ್ತದೆ ನಮ್ಮ ಕಡೆಯವನೇ. ಆ ಬೊಮ್ಮ ಏಡನ್‌ನಲ್ಲಿ ಕುಡಿದು ಗಲಾಟೆ ಮಾಡಿ ದುಡ್ಡು ಕಿತ್ತುಕೊಂಡ ಅಂತ ಅಲ್ಲಿಯ ದೊಡ್ಡ ವ್ಯಾಪಾರಿ ಮದ್ಮುನ್ ಬೆನ್ ಯಿಜುಗೆ ಬರೆದ ದೂರು ಈಗಲೂ ಉಂಟು.

ಇದೆಲ್ಲ ಉಳಿದದ್ದು ಮಂಗಳೂರಿನಲ್ಲಿ ಅಲ್ಲ. ಬೆನ್ ಯಿಜು 1149ರಲ್ಲಿ ವಾಪಸು ಹೋಗುವಾಗ ಕಾಗದಪತ್ರ ಎಲ್ಲ ಕಟ್ಟಿಕೊಂಡು ಹೋದ, ಕೊನೆಗೆ ಅದು ಕೈರೋದ ಹಳೆ ಪೇಟೆಯ ಬೆನ್ ಎಜ್ರಾ ಸಿನಗಾಗ್‌ನ ಒಂದು ಕತ್ತಲೆ ಕೋಣೆಗೆ ಬಿತ್ತು. ದೇವರ ಹೆಸರು ಇರಬಹುದಾದ ಬರಹವನ್ನು ಬಿಸಾಡಬಾರದು ಅಂತ ಅವರಲ್ಲಿ ಒಂದು ಪದ್ಧತಿ. ಅಲ್ಲಿ ಮಳೆ ಇಲ್ಲ, ಹಾಗಾಗಿ ಲಕ್ಷಗಟ್ಟಲೆ ತುಣುಕು ಉಳಿಯಿತು, 1896-97ರಲ್ಲಿ ಬಹುಪಾಲು ಕೇಂಬ್ರಿಜ್‌ಗೆ ಹೋಯಿತು. ನಮ್ಮ ಮಳೆಗೆ ಇಲ್ಲಿಯೇ ಬಿಟ್ಟು ಹೋಗಿದ್ರೆ ಒಂದು ಚೂರೂ ಸಿಗ್ತಿರ್ಲಿಲ್ಲ.

ಈಗ ಕಾಗದದ ಸಂಗತಿಗೆ ಬರುವ. ಏಡನ್‌ನಿಂದ ಅವನಿಗೆ ಬರುತ್ತಿದ್ದ ಉಡುಗೊರೆ ಪಟ್ಟಿಗಳಲ್ಲಿ ಸಕ್ಕರೆ, ಒಣದ್ರಾಕ್ಷಿಯ ಜೊತೆಗೆ ಈಜಿಪ್ಟಿನ ಬಿಳಿ ಕಾಗದವೂ ಉಂಟು. ಅಂದ್ರೆ ಮಂಗಳೂರಲ್ಲಿ ಕಾಗದ ಸಿಗ್ತಿರ್ಲಿಲ್ಲ, ಸ್ನೇಹಿತರು ಕಳಿಸಿದ್ರೆ ಉಂಟು. ಅದಕ್ಕೇ ಇವನು ಬಂದ ಪತ್ರಗಳ ಹಿಂದೆ, ಅಂಚಲ್ಲಿ, ಖಾಲಿ ಇದ್ದ ಕಡೆಯಲ್ಲೆಲ್ಲ ಲೆಕ್ಕ ಬರೆಯುತ್ತಿದ್ದ, ಉತ್ತರದ ಕಚ್ಚಾ ಪ್ರತಿ ಬರೆಯುತ್ತಿದ್ದ, ಪದ್ಯ ಸಹ. ಈಗ ಸಂಶೋಧಕರಿಗೆ ಒಂದೇ ಹಾಳೆಯಲ್ಲಿ ಒಂದು ಮಗ್ಗುಲು ಮದ್ಮುನ್ ಲೆಕ್ಕ, ಇನ್ನೊಂದು ಮಗ್ಗುಲು ಇವನ ಲೆಕ್ಕ ಸಿಗ್ತದೆ.

ಮಣಿಪುಸ್ತಕ:
ಅವ್ರಿಗೆ ಕಾಗದ ಇಲ್ಲ ಅಂದ್ರೆ ತಾಳೆಗರೀಲಿ ಬರೀಬಹುದಿತ್ತಲ್ವಾ? ಕರಾವಳೀಲಿ ತಾಳೆಮರಕ್ಕೆ ಬರ ಇರ್ಲಿಲ್ಲ, ಉಳಿದೋರೆಲ್ಲಾ ಅದ್ರಲ್ಲೇ ಬರೀತಿದ್ರು.

ಕಡಲತಡಿ:
ಓಲೆಯಲ್ಲಿ ಬರೆಯುವುದು ಅಂದ್ರೆ ಕಬ್ಬಿಣದ ಕಂಟದಲ್ಲಿ ಕೊರೆಯುವುದು, ಆಮೇಲೆ ಮಸಿ ಉಜ್ಜುವುದು. ಇವನದ್ದು ಅರಬಿ ಭಾಷೆ ಹೀಬ್ರೂ ಅಕ್ಷರದಲ್ಲಿ, ಓಡಿಸಿ ಬರೆಯುವ ಕೈ, ಅದಕ್ಕೆ ಮಸಿ ಲೇಖನಿಯೇ ಬೇಕು. ಮತ್ತೆ ಓಲೆಯ ಅಗಲ ಮೂರು ಬೆರಳು ಸಹ ಇಲ್ಲ. ಮದ್ಮುನ್ ಲೆಕ್ಕದ ಪತ್ರ ನೋಡಿದ್ರೆ ಒಂದೇ ಹಾಳೆಯಲ್ಲಿ ಯಾವ ಹಡಗಿನಲ್ಲಿ ಏನು ಬಂತು, ಎಷ್ಟಕ್ಕೆ ಹೋಯಿತು, ಸುಂಕ ಎಷ್ಟು, ಬದಲಿಗೆ ಏನು ಕಳಿಸಿದ್ದೇನೆ, ಯಾರ ಕೈಲಿ, ಬಾಕಿ ಎಷ್ಟು, ಎಲ್ಲ ಒಂದರ ಕೆಳಗೊಂದು. ಹಡಗು ಮುಳುಗಿದ್ರೆ ಇರ್ಲಿ ಅಂತ ಮುಖ್ಯ ಪತ್ರದ ಎರಡನೇ ಪ್ರತಿ ಬೇರೆ ಹಡಗಿನಲ್ಲಿ ಕಳಿಸುವ ರೂಢಿಯೂ ಈ ವ್ಯಾಪಾರಿಗಳಲ್ಲಿತ್ತು. ಹಾಳೆ ಹಗುರ, ಮಡಿಸಿದ್ರೆ ಅಂಗಿಯೊಳಗೆ ಕೂರ್ತದೆ, ಹಾಗಾಗಿ ಇದು ಆಗುವ ಕೆಲಸ. ಸಾವಿರಾರು ಮೈಲಿ ಆಚೆ ಇರುವವನ ಜೊತೆ ವರ್ಷಗಟ್ಟಲೆ ಮುಖ ನೋಡದೆ ಬಾಕಿ ಲೆಕ್ಕ ನಡೆಸುವುದು ಅಂದ್ರೆ ಈ ಹಾಳೆಗಳ ಮೇಲೆ ನಿಂತ ವ್ಯವಹಾರ.

ಧಾರವಾಡ_ಫೇಡೆ:
ಛಲೋ ಮಾತ್ ನಡದೈತಿ. ನಮ್ಮ ಅಜ್ಜನ ಅಂಗಡ್ಯಾಗ ಕಾಗದ ಬಂದಮ್ಯಾಲೂ ಕಡತನ ಇಟ್ಟಿದ್ರು ನೋಡ್ರಿ. ಅರಿವಿಗೆ ಹುಣಸಿ ಬೀಜದ ಸರಿ, ಇದ್ದಿಲ ಪುಡಿ ಕೂಡಿಸಿ ಬಡದು ಕರ್ರಗ ಮಾಡಿ, ಪದರ ಪದರ ಮಡಚಿ ಇಡೂದು, ಬರಿಯಾಕ ಬಳಪ. ಉದ್ರಿ ಲೆಕ್ಕ ತೀರಿತಂದ್ರ ಹಸಿ ಅರಿವಿಲೆ ಒರಸೂದು, ಮತ್ತ ಬರಿಯೂದು. ಹೊಸ ಹಾಳಿ ಖರ್ಚಿಲ್ಲ ಏನಿಲ್ಲ. ನೀವು ಅಳಸಾಕ ಬರಬಾರದು ಅಂತೀರಿ, ಅಂಗಡಿ ಮಂದಿಗೆ ಅಳಸಾಕ ಬರೂದ ಬೇಕಾಗಿತ್ತು. ಎಲ್ಲಾ ಲೆಕ್ಕ ಇಟ್ಟು ಏನ್ ಮಾಡೂದ್ರಿ?

ದಫ್ತರದವರು:
ಈ ಮಾತು ನಂಗೆ ಬಹಳ ಹಿಡಿಸ್ತು. ಕಡತದಲ್ಲಿ ಬರೆಯೋನೂ ಓದೋನೂ ಒಬ್ಬನೇ, ಸಾಲ ತಗೊಂಡೋನು ಎದುರಿಗೇ ಇದ್ದಾನೆ, ಊರು ಒಂದೇ. ಅಲ್ಲಿ ಒರೆಸೋದು ಅಂದ್ರೆ ಬಾಕಿ ತೀರ್ತು ಅಂತ ಅರ್ಥ. ಕಾಗದ ಬೇಕಾಗೋದು ಬರೆದೋನು ಒಂದು ಕಡೆ, ಓದೋನು ಇನ್ನೊಂದು ಕಡೆ, ನಡುವೆ ಅನುಮಾನ ಇದ್ದಾಗ. ಚೀನಾದ ವಾಯವ್ಯದ ತುರ್ಫಾನ್ ಮರಳುಗಾಡಲ್ಲಿ ಸಿಕ್ಕ 7ನೇ ಶತಮಾನದ ಸಾಲಪತ್ರಗಳು ಇದಕ್ಕೆ ಒಳ್ಳೇ ಉದಾಹರಣೆ. ಅಲ್ಲಿ ಪತ್ರಾನ ಎರಡು ಪ್ರತಿ ಮಾಡಿ, ಎರಡನ್ನೂ ಅಕ್ಕಪಕ್ಕ ಜೋಡಿಸಿ ಸೇರೋ ಗೆರೆ ಮೇಲೆ ಬೆನ್ನಿಗೆ ಅಕ್ಷರ ಬರೆಯೋ ಪದ್ಧತಿ ಇತ್ತು, ಅರ್ಧ ಅಕ್ಷರ ಇವನ ಹಾಳೇಲಿ, ಅರ್ಧ ಅವನ ಹಾಳೇಲಿ. ಆಮೇಲೆ ತಕರಾರು ಬಂದ್ರೆ ಎರಡನ್ನೂ ಸೇರಿಸಿ ನೋಡೋದು. ಸಹಿ ಬರದೇ ಇರೋನು ಬೆರಳನ್ನ ಕಾಗದದ ಮೇಲಿಟ್ಟು ಗೆಣ್ಣುಗಳ ಜಾಗಕ್ಕೆ ಗೆರೆ ಎಳೀತಿದ್ದ.

ಝುವೋ ಛೊಂಗ್‌ಶಿ ಅಂತ ಒಬ್ಬ ಬಡ್ಡಿ ವ್ಯಾಪಾರಿ ಅಲ್ಲಿ 673ರಲ್ಲಿ ಸತ್ತ, ಗೋರೀಲಿ ಅವನ ಜೊತೆ 15 ಪತ್ರ ಹೂತಿದ್ರು. ವಸೂಲಾಗದ ಸಾಲಕ್ಕೆ ಸತ್ತವರ ಲೋಕದ ಕೋರ್ಟಲ್ಲಿ ಕೇಸ್ ಹಾಕೋಕೆ ಅಂತ ವಿದ್ವಾಂಸರ ಊಹೆ. ಅದೇ ಸ್ಮಶಾನದಲ್ಲಿ ಬೇರೆ ಹೆಣಗಳಿಗೆ ಸರ್ಕಾರಿ ಕಚೇರಿಯ ರದ್ದಿ ಕಾಗದ ಕತ್ತರಿಸಿ ಚಪ್ಪಲಿ ಟೋಪಿ ಮಾಡಿ ಹಾಕಿದ್ರು, ಸಂಶೋಧಕರು ಚಪ್ಪಲಿ ಹೊಲಿಗೆ ಬಿಚ್ಚಿ ಬಿಚ್ಚಿ ಕಂದಾಯದ ಲೆಕ್ಕ ಓದಿದ್ದಾರೆ.

ಬಸವನಗುಡಿ_ಬಾಯ್:
ರದ್ದಿ ಆಗೋವಷ್ಟು ಇತ್ತು ಅಂದ್ರೆ ಅಗ್ಗ ಅಂತಾನೇ ಅಲ್ವಾ, ನಾನು ಮೊದಲೇ ಹೇಳ್ದೆ.

ಇತಿಹಾಸ_ಮೇಷ್ಟ್ರು:
ಚಪ್ಪಲಿ ಮಾಡೋಕೂ ಹಳೇದನ್ನೇ ಹುಡುಕ್ತಿದ್ರು, ಎರಡೂ ಮಗ್ಗುಲು ಬರೆದು ಮುಗಿದ ಹಾಳೆ. ಅದನ್ನ ನೀನು ಅಗ್ಗ ಅಂತೀಯ, ನಾನು ದುಬಾರಿ ಅಂತೀನಿ, ಇಬ್ರೂ ಇಲ್ಲೇ ಕೂತಿರೋಣ.

ಮಣಿಪುಸ್ತಕ:
ನನಗಿನ್ನೂ ಒಂದು ಅನುಮಾನ. ಅಳಿಸೋಕೆ ಆಗಲ್ಲ ಸರಿ, ಆದ್ರೆ ಇಡೀ ಹಾಳೇನೇ ತೆಗೆದು ಬೇರೆ ಹಾಳೆ ಸೇರಿಸಿದ್ರೆ? ಓಲೆಗರಿ ಕಟ್ಟಲ್ಲಿ ದಾರ ಬಿಚ್ಚಿ ಒಂದು ಗರಿ ಬದಲಾಯಿಸೋದು ಸುಲಭ ಅಂತ ಹೇಳ್ತಾರೆ, ಕಾಗದದ ಪುಸ್ತಕದಲ್ಲೂ ಅದೇ ಕಥೆ ತಾನೆ?

ದಫ್ತರದವರು:
ಹೌದು, ಅದಕ್ಕೆ ಕಾಗದ ಏನೂ ಮಾಡಲ್ಲ. ಚೀನೀ ಕಚೇರಿಗಳಲ್ಲಿ ಹಾಳೆಗಳನ್ನ ಉದ್ದಕ್ಕೆ ಅಂಟಿಸಿ ಸುರುಳಿ ಮಾಡಿ, ಅಂಟಿಸಿದ ಜಾಗದ ಮೇಲೇ ಮುದ್ರೆ ಒತ್ತೋದು ಸಹಿ ಹಾಕೋದು ಮಾಡ್ತಿದ್ರು. ಬಾಗ್ದಾದ್ ಕಚೇರಿಗಳಲ್ಲಿ ಈ ಕಾಟಕ್ಕೆ ಏನು ಮಾಡ್ತಿದ್ರು ಅನ್ನೋದು ಗೊತ್ತಿರೋರು ಯಾರಾದ್ರೂ ಇದ್ರೆ ಬರೀರಿ.

ಗುಂಟೆಗೌಡ:
ಸಾರ್ ನನ್ನ 8?

ಇತಿಹಾಸ_ಮೇಷ್ಟ್ರು:
ಗೌಡ್ರೇ, ಮೊದಲು ಆ ಪುಟ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಕೆರೆದಿದ್ರೆ ಅಲ್ಲಿ ಹಾಳೆ ತೆಳ್ಳಗಾಗಿ ಬೆಳಕು ಜಾಸ್ತಿ ಬರುತ್ತೆ. ಆಮೇಲೆ ಮೊಬೈಲ್ ಟಾರ್ಚ್ ಹಾಳೆಗೆ ತಾಗೋ ಹಂಗೆ ಪಕ್ಕದಿಂದ ಅಡ್ಡ ಬಿಡಿ, ನಾರು ಎದ್ದಿದ್ರೆ ಸಣ್ಣ ನೆರಳು ಕಾಣುತ್ತೆ. ಅಂಕಿಯ ಅಂಚು ಉಳಿದ ಅಂಕಿಗಳಿಗಿಂತ ಹರಡಿಕೊಂಡಿದ್ಯಾ ಅಂತಾನೂ ನೋಡಿ. ಆದ್ರೆ ನಿಮ್ಮ ಕೇಸಲ್ಲಿ ಒಂದು ತೊಂದರೆ ಇದೆ, 3ನ್ನ 8 ಮಾಡೋಕೆ ಏನೂ ಕೆರೀಬೇಕಿಲ್ಲ, ಎಡಗಡೆ ಎರಡು ಗೀಟು ಎಳೆದ್ರೆ ಸಾಕು. ಹಂಗೆ ಆಗಿದ್ರೆ ಕಾಗದ ಏನೂ ಹೇಳಲ್ಲ, ಮಸಿಯ ಬಣ್ಣದಲ್ಲಿ ವ್ಯತ್ಯಾಸ ಕಂಡ್ರೆ ಉಂಟು. ಅದಕ್ಕೆ ಅದೇ ಸರ್ವೆ ನಂಬರಿನ ಹಿಂದಿನ ವರ್ಷಗಳ ಪಹಣಿ, ಮ್ಯುಟೇಶನ್ ರಿಜಿಸ್ಟರ್ ಎರಡರ ನಕಲೂ ತೆಗೆಸಿ ತಾಳೆ ನೋಡಿ, ಒಂದೇ ಕೈ ಎಲ್ಲಾ ಪುಸ್ತಕದಲ್ಲೂ ತಿದ್ದಿರೋದು ಕಷ್ಟ. ಚಾರ್ಜ್ ವಕೀಲರನ್ನ ಕೇಳಿ.

ಗುಂಟೆಗೌಡ:
ಥ್ಯಾಂಕ್ಸ್ ಮೇಷ್ಟ್ರೇ. ನನ್ನ ಹತ್ರ ಇರೋದು ಜೆರಾಕ್ಸ್, ಅದನ್ನ ಕಿಟಕಿಗೆ ಹಿಡಿದೆ, ಏನೂ ಕಾಣ್ಲಿಲ್ಲ.

ಇತಿಹಾಸ_ಮೇಷ್ಟ್ರು:
ಜೆರಾಕ್ಸಲ್ಲಿ ಕಾಣಲ್ಲ ಗೌಡ್ರೇ! ಮೂಲ ಪುಸ್ತಕಾನೇ ನೋಡ್ಬೇಕು. ಅರ್ಜಿ ಕೊಟ್ಟು ರೆಕಾರ್ಡ್ ರೂಮಲ್ಲಿ ಅವರ ಎದುರಿಗೇ ನೋಡಿ.